ಬಲ್ಬ್ ಮೇಲೆ ಬಲ್ಬ್ ಹೋಗುತ್ತಿದೆ, ಬ್ಯಾಟರಿ ಕುದಿಯುತ್ತಿದೆ: ಬೈಕಿನ ರೆಗ್ಯುಲೇಟರ್ ಪರೀಕ್ಷಿಸಿ ಬದಲಿಸುವ ಬಗೆ

ಸಾಗರದಲ್ಲಿರುವ ನಮ್ಮ ಚಿಕ್ಕಪ್ಪನ ಹತ್ತಿರ 2012ರ 100 ಸಿಸಿ ಬೈಕ್ ಇದೆ. ತೋಟಕ್ಕೆ, ಪೇಟೆಗೆ, ಡೇರಿಗೆ ಎಲ್ಲದಕ್ಕೂ ಅದೇ. ಹೋದ ಮಳೆಗಾಲದಲ್ಲಿ ಎರಡು ತಿಂಗಳಲ್ಲಿ ಮೂರು ಹೆಡ್‌ಲೈಟ್ ಬಲ್ಬ್ ಹೋದವು. ಆಮೇಲೆ ಹಿಂದಿನ ಬಲ್ಬ್, ಅದರ ಹಿಂದೆಯೇ ಇಂಡಿಕೇಟರ್. ಪ್ರತಿ ಸಲ ಬಲ್ಬ್ ಹಾಕಿಸುವುದು, ಎಂಟು ಹತ್ತು ದಿನ ಓಡಿಸುವುದು, ಮತ್ತೆ ಕತ್ತಲು. "ಈಗ ಬರೋ ಬಲ್ಬೇ ಸರಿ ಇಲ್ಲ ಕಣೋ" ಅಂತ ಫೋನಿನಲ್ಲಿ ಬೇಜಾರು ಮಾಡಿಕೊಂಡರು. "ಬ್ಯಾಟರಿ ನೀರು ಹೇಗಿದೆ ನೋಡಿ ಚಿಕ್ಕಪ್ಪ" ಅಂದೆ. ಸೈಡ್ ಪ್ಯಾನೆಲ್ ತೆಗೆದು ನೋಡಿದರೆ ನೀರು ಲೋವರ್ ಗೆರೆಗಿಂತ ಕೆಳಗೆ ಇಳಿದಿತ್ತು. ಬ್ಯಾಟರಿ ಪೆಟ್ಟಿಗೆಯ ತಳದಲ್ಲಿ ಬಿಳಿ ಪುಡಿ ಕಟ್ಟಿಕೊಂಡಿತ್ತು. ಓಡಿಸಿ ಬಂದ ಮೇಲೆ ಕಿವಿ ಹತ್ತಿರ ತಂದರೆ ಸಣ್ಣಗೆ ಬುಸ್ ಬುಸ್ ಸದ್ದು.

ಬಲ್ಬ್ ಹೋಗುವುದು, ಬ್ಯಾಟರಿ ಕುದಿಯುವುದು ಎರಡೂ ಒಟ್ಟಿಗೆ ಬಂದರೆ ನಾನು ಬಲ್ಬನ್ನೂ ಬೈಯುವುದಿಲ್ಲ, ಬ್ಯಾಟರಿಯನ್ನೂ ಬೈಯುವುದಿಲ್ಲ. ಮೊದಲು ನೋಡುವುದು ರೆಗ್ಯುಲೇಟರ್ ರೆಕ್ಟಿಫೈಯರನ್ನು. ಮೆಕ್ಯಾನಿಕ್‌ಗಳು ಇದನ್ನು ಆರ್‌ಆರ್ ಯೂನಿಟ್ ಅನ್ನುತ್ತಾರೆ, ಕೆಲವರು ಬರೀ ರೆಕ್ಟಿಫೈಯರ್ ಅಂತಾರೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಅಲ್ಯೂಮಿನಿಯಂ ಡಬ್ಬಿ ಅದು. ಮೈಮೇಲೆ ಗೀರು ಗೀರಾದ ರೆಕ್ಕೆಗಳು ಇರುತ್ತವೆ. ನಾಲ್ಕೈದು ತಂತಿಯ ಒಂದು ಕಪ್ಲರ್ ಅದಕ್ಕೆ ಸೇರಿಕೊಳ್ಳುತ್ತದೆ.

ಚಿಕ್ಕಪ್ಪನ ಬೈಕಿನಲ್ಲಿ ನಾವು ಮಾಡಿದ್ದನ್ನೇ ಒಂದೊಂದಾಗಿ ಬರೆಯುತ್ತೇನೆ. ಬೇಕಾಗುವುದು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, 10ರ ಸ್ಪ್ಯಾನರ್, ಸ್ಕ್ರೂಡ್ರೈವರ್, ಒಂದು ತುಂಡು ಸ್ಯಾಂಡ್‌ಪೇಪರ್.

ಒಳಗೆ ಆಗುವುದು ಏನು

ಎಂಜಿನ್‌ನ ಎಡಗಡೆ ಕವರ್ ಒಳಗೆ ಮ್ಯಾಗ್ನೆಟ್ ತಿರುಗುತ್ತದೆ. ಅದರ ಒಳಗೆ ತಾಮ್ರದ ಕಾಯಿಲ್ ಕೂತಿರುತ್ತದೆ. ಎಂಜಿನ್ ಜೋರಾಗಿ ತಿರುಗಿದಷ್ಟೂ ಕಾಯಿಲ್ ಜಾಸ್ತಿ ವೋಲ್ಟೇಜ್ ಹುಟ್ಟಿಸುತ್ತದೆ. ಯಾವ ಲೋಡೂ ಇಲ್ಲದೆ ಕಾಯಿಲನ್ನು ಹಾಗೇ ಬಿಟ್ಟರೆ ಹಲವು ಬೈಕುಗಳಲ್ಲಿ 50 ವೋಲ್ಟ್ ದಾಟುತ್ತದೆ. 12 ವೋಲ್ಟಿನ ಬಲ್ಬಿಗೂ ಬ್ಯಾಟರಿಗೂ ಅದು ಆಗಿಬರುವುದಿಲ್ಲ, ಅಲ್ವಾ? ಅದಕ್ಕೇ ನಡುವೆ ರೆಗ್ಯುಲೇಟರ್ ಇದೆ. ಅದು ಎರಡು ಕೆಲಸ ಮಾಡುತ್ತದೆ. ಕಾಯಿಲಿನಿಂದ ಬರುವ ಎಸಿಯನ್ನು ಡಿಸಿ ಮಾಡುವುದು ಒಂದು. ವೋಲ್ಟೇಜ್ ಸುಮಾರು 14.5ರ ಆಸುಪಾಸಿಗೆ ಬಂದ ಕೂಡಲೇ ತಡೆಯುವುದು ಇನ್ನೊಂದು.

ಕೆಟ್ಟ ರೆಗ್ಯುಲೇಟರಿನಲ್ಲಿ ಹಲವು ಸಲ ಮೊದಲನೇ ಕೆಲಸ ಸರಿಯಾಗಿಯೇ ನಡೆಯುತ್ತಿರುತ್ತದೆ. ಎರಡನೆಯದು ಮಾತ್ರ ನಿಂತುಹೋಗಿರುತ್ತದೆ. ಆದ್ದರಿಂದಲೇ ಬೈಕ್ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಹಾರ್ನ್ ಕೂಡ ಜೋರಾಗಿಯೇ ಕೂಗುತ್ತದೆ. ಕೆಟ್ಟಿದೆ ಅಂತ ಅನ್ನಿಸುವುದೇ ಇಲ್ಲ.

ಇನ್ನೊಂದು ವಿಷಯ ನೆನಪಿಡಿ. ಕಾಯಿಲ್ ಕೆಟ್ಟರೆ ಚಾರ್ಜ್ ಕಡಿಮೆ ಆಗುತ್ತದೆ ಅಥವಾ ಪೂರ್ತಿ ನಿಲ್ಲುತ್ತದೆ. ಕಾಯಿಲ್ ಕೆಟ್ಟು ಚಾರ್ಜ್ ಜಾಸ್ತಿ ಆಗುವುದಿಲ್ಲ. ಓವರ್ ಚಾರ್ಜ್ ದೂರಿಗೆ ಯಾರಾದರೂ ಕಾಯಿಲ್ ಬದಲಿಸೋಣ ಅಂದರೆ ಒಪ್ಪಬೇಡಿ. ಸುಮ್ನೆ ಖರ್ಚು.

ಬಲ್ಬ್ ಯಾಕೆ ಅಷ್ಟು ಬೇಗ ಹೋಗುತ್ತದೆ? ಫಿಲಮೆಂಟ್ ಬಲ್ಬಿಗೆ ವೋಲ್ಟೇಜ್ ಹತ್ತರಲ್ಲಿ ಒಂದು ಪಾಲು ಜಾಸ್ತಿಯಾದರೆ ಸಾಕು, ಅದರ ಆಯಸ್ಸು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. 16 ವೋಲ್ಟ್ ಹತ್ತಿರ ಹೋದರೆ ಒಂದು ವರ್ಷ ಬರಬೇಕಾದ ಬಲ್ಬ್ ಒಂದೆರಡು ತಿಂಗಳಲ್ಲೇ ಮುಗಿಯುತ್ತದೆ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಇನ್ನೂ ಮೇಲೆ ಹೋದರೆ ಆ ಕ್ಷಣವೇ ಪಟ್ ಅನ್ನುತ್ತದೆ.

ಬ್ಯಾಟರಿ ಕುದಿಯುವುದು ಅಂತ ನಾವು ಹೇಳುವುದು ನಿಜವಾಗಿ ಕುದಿಯುವುದಲ್ಲ. ಬ್ಯಾಟರಿ ತುಂಬಿದ ಮೇಲೂ ಕರೆಂಟ್ ನುಗ್ಗುತ್ತಿದ್ದರೆ ಅದು ಒಳಗಿನ ನೀರನ್ನು ಒಡೆದು ಹೈಡ್ರೋಜನ್, ಆಕ್ಸಿಜನ್ ಮಾಡುತ್ತದೆ. ಆ ಗುಳ್ಳೆಗಳೇ ಬುಸ್ ಬುಸ್ ಅನ್ನುವುದು. ಲೆಕ್ಕ ನೋಡಿ: ಜಾಸ್ತಿಯಾಗಿ 1 ಆಂಪಿಯರ್ ಒಂದು ಗಂಟೆ ಹರಿದರೆ ಆರು ಸೆಲ್ ಸೇರಿ ಸುಮಾರು 2 ಮಿ.ಲೀ. ನೀರು ಹೋಗುತ್ತದೆ. ದಿನಕ್ಕೆ ಒಂದು ಗಂಟೆ ಓಡಿಸಿದರೆ ತಿಂಗಳಿಗೆ 60 ಮಿ.ಲೀ. ಸಣ್ಣ ಬೈಕ್ ಬ್ಯಾಟರಿಗೆ ಇದು ತುಂಬಾ ದೊಡ್ಡ ನಷ್ಟ. ಗುಳ್ಳೆಗಳು ಆಸಿಡ್ ಹನಿಗಳನ್ನೂ ಎತ್ತಿಕೊಂಡು ಗಾಳಿ ಪೈಪಿನಿಂದ ಹೊರಗೆ ಚೆಲ್ಲುತ್ತವೆ. ಚಿಕ್ಕಪ್ಪನ ಬೈಕಿನಲ್ಲಿ ಬ್ಯಾಟರಿ ಕೆಳಗಿನ ಫ್ರೇಮಿನ ಪೇಂಟ್ ಎದ್ದುಹೋಗಿ ತುಕ್ಕು ಹಿಡಿದಿದ್ದು ಹಾಗೆಯೇ.

ಮೀಟರ್ ಹಿಡಿಯುವ ಮೊದಲು ಕಣ್ಣಿನಲ್ಲೇ ನೋಡಿ

ಹೋದ ಬಲ್ಬನ್ನು ಎಸೆಯಬೇಡಿ, ಬೆಳಕಿಗೆ ಹಿಡಿದು ನೋಡಿ. ಗಾಜಿನ ಒಳಗೆ ಕಪ್ಪು ಅಥವಾ ಕನ್ನಡಿಯಂಥ ಬೂದು ಲೇಪ ಕಂಡರೆ ಫಿಲಮೆಂಟ್ ಅತಿಯಾಗಿ ಕಾದು ಸುಟ್ಟಿದೆ. ಬಳಸಿ ಹಳೆಯದಾದ ಬಲ್ಬೂ ಹೀಗೇ ಕಾಣುತ್ತದೆ, ಆದರೆ ಹತ್ತು ದಿನದ ಹೊಸ ಬಲ್ಬ್ ಕಪ್ಪಾಗಿದ್ದರೆ ವೋಲ್ಟೇಜ್ ಮೇಲೆ ಅನುಮಾನ ಪಡಬೇಕು. ಗಾಜು ಸ್ವಚ್ಛವಾಗಿದ್ದು ಫಿಲಮೆಂಟ್ ಮಾತ್ರ ತುಂಡಾಗಿದ್ದರೆ ಅದು ಬೈಕ್ ಅದುರುವುದರಿಂದ ಹೋದದ್ದು ಇರಬಹುದು. ಹೋಲ್ಡರ್ ಸಡಿಲ ಇದೆಯಾ, ಹೆಡ್‌ಲೈಟ್ ರಬ್ಬರ್ ಬುಷ್ ಹೋಗಿದೆಯಾ ನೋಡಿ. ಒಳಗೆ ಬಿಳಿ ಪುಡಿ ಇದ್ದರೆ ಗಾಜು ಬಿರುಕು ಬಿಟ್ಟು ಹೊರಗಿನ ಗಾಳಿ ಒಳಗೆ ನುಗ್ಗಿದೆ ಅಂತ ಅರ್ಥ. ಅದಕ್ಕೂ ರೆಗ್ಯುಲೇಟರಿಗೂ ಸಂಬಂಧ ಇಲ್ಲ.

ಆಮೇಲೆ, ಯಾವ ಯಾವ ಬಲ್ಬ್ ಹೋಗುತ್ತಿದೆ ಅನ್ನುವುದು ಮುಖ್ಯ. ಹಳೆಯ ಕಮ್ಯೂಟರ್ ಬೈಕುಗಳಲ್ಲಿ ಹೆಡ್‌ಲೈಟ್, ಹಿಂದಿನ ಟೇಲ್ ಲೈಟ್, ಮೀಟರ್ ದೀಪ ಇವೆಲ್ಲ ಬ್ಯಾಟರಿಯಿಂದ ಉರಿಯುವುದಿಲ್ಲ. ನೇರವಾಗಿ ಕಾಯಿಲಿನ ಎಸಿಯಿಂದ ಉರಿಯುತ್ತವೆ. ಬ್ರೇಕ್ ಲೈಟ್, ಇಂಡಿಕೇಟರ್, ಹಾರ್ನ್ ಮಾತ್ರ ಬ್ಯಾಟರಿಯ ಡಿಸಿಯಿಂದ. ಎರಡು ಕಡೆಯನ್ನೂ ಒಂದೇ ರೆಗ್ಯುಲೇಟರ್ ನೋಡಿಕೊಳ್ಳುತ್ತದೆ. ನಿಮ್ಮದು ಎಂಥದ್ದು ಅಂತ ಗೊತ್ತಾಗಬೇಕಾದರೆ ರಾತ್ರಿ ಸ್ಟಾರ್ಟ್ ಮಾಡಿ ಗೋಡೆಗೆ ಬೆಳಕು ಬಿಡಿ. ಆಕ್ಸಿಲರೇಟರ್ ಬಿಟ್ಟಾಗ ಮಂಕಾಗಿ, ಕೊಟ್ಟಾಗ ಜೋರಾಗಿ ಉರಿದರೆ ಎಸಿ ಹೆಡ್‌ಲೈಟ್. ಎರಡೂ ಹೊತ್ತು ಹೆಚ್ಚುಕಡಿಮೆ ಒಂದೇ ಸಮ ಉರಿದರೆ ಡಿಸಿ. ಈಚಿನ ವರ್ಷಗಳ ಬೈಕುಗಳಲ್ಲಿ ಬಹುಪಾಲು ಡಿಸಿಯೇ.

ಎಸಿ ಹೆಡ್‌ಲೈಟ್ ಇರುವ ಬೈಕಿನಲ್ಲಿ ಹೆಡ್‌ಲೈಟ್, ಟೇಲ್ ಲೈಟ್ ಮಾತ್ರ ಹೋಗುತ್ತಿದ್ದು ಬ್ಯಾಟರಿ ಚೆನ್ನಾಗಿದ್ದರೆ ತೊಂದರೆ ಎಸಿ ಕಡೆ. ಇಂಡಿಕೇಟರ್, ಬ್ರೇಕ್ ಲೈಟ್ ಕೂಡ ಹೋಗಿ ಬ್ಯಾಟರಿ ಕುದಿಯುತ್ತಿದ್ದರೆ ಎರಡೂ ಕಡೆ ಹಿಡಿತ ತಪ್ಪಿದೆ. ಚಿಕ್ಕಪ್ಪನದು ಈ ಎರಡನೇ ಜಾತಿ. ಒಂದು ಮೋಸ ಇಲ್ಲಿದೆ: ಎಸಿ ಕಡೆ ಹೆಡ್‌ಲೈಟ್ ಬಲ್ಬ್ ಹೋದ ತಕ್ಷಣ ದೊಡ್ಡ ಲೋಡ್ ಇಲ್ಲವಾಗುತ್ತದೆ. ವೋಲ್ಟೇಜ್ ಇನ್ನೂ ಮೇಲೆ ಹಾರಿ ಟೇಲ್ ಲೈಟ್, ಮೀಟರ್ ದೀಪ ಒಂದರ ಹಿಂದೆ ಒಂದು ಹೋಗುತ್ತವೆ. ಎಲ್ಲ ಒಟ್ಟಿಗೆ ಹೋಗಿದ್ದನ್ನು ನೋಡಿ ಎಲ್ಲೋ ಶಾರ್ಟ್ ಆಗಿದೆ ಅಂತ ವೈರಿಂಗ್ ಬಿಚ್ಚಲು ಹೋಗುವವರೂ ಇದ್ದಾರೆ. ಶಾರ್ಟ್ ಆದರೆ ಫ್ಯೂಸ್ ಹೋಗಬಹುದು. ಬಲ್ಬ್ ಹೋಗುವುದಿಲ್ಲ. ಹಾಗೆಯೇ ವೋಲ್ಟೇಜ್ ಜಾಸ್ತಿಯಾದರೆ ಫ್ಯೂಸ್ ತಡೆಯುತ್ತದೆ ಅಂತ ನಂಬಿಕೊಳ್ಳಬೇಡಿ. ಫ್ಯೂಸ್ ನೋಡುವುದು ಕರೆಂಟನ್ನು, ವೋಲ್ಟೇಜನ್ನಲ್ಲ.

ಈಗಿನ ಸೀಲ್ಡ್ ಬ್ಯಾಟರಿಯಲ್ಲಿ ನೀರಿನ ಮಟ್ಟ ಕಾಣುವುದಿಲ್ಲ. ಅದರ ಪಕ್ಕಗಳನ್ನು ಮುಟ್ಟಿ ನೋಡಿ. ಹೊಟ್ಟೆ ಉಬ್ಬಿದಂತೆ ಇದ್ದರೆ, ಓಡಿಸಿ ಬಂದಾಗ ಕೈ ಇಡಲಾರದಷ್ಟು ಬಿಸಿ ಇದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದಕ್ಕೂ ಇದೇ ಕಾಯಿಲೆ.

ಮನೆಗೆ ತರುವಾಗ ಮಾಡಬಾರದ ಕೆಲಸ

ಬ್ಯಾಟರಿ ಕುದಿಯುತ್ತಿದೆ ಅಂತ ಗೊತ್ತಾದ ಕೂಡಲೇ ಕೆಲವರು ಬ್ಯಾಟರಿ ವೈರ್ ಕಳಚಿ, ಇಲ್ಲವೇ ಫ್ಯೂಸ್ ತೆಗೆದು ಬೈಕ್ ಓಡಿಸುತ್ತಾರೆ. ಬ್ಯಾಟರಿಯಾದರೂ ಉಳಿಯಲಿ ಅನ್ನುವ ಆಸೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಟ್ಟ ರೆಗ್ಯುಲೇಟರಿನಿಂದ ಬರುವ ಹೆಚ್ಚಿನ ಕರೆಂಟನ್ನು ಅಷ್ಟೋ ಇಷ್ಟೋ ನುಂಗಿಕೊಂಡು ವೋಲ್ಟೇಜನ್ನು ಕೆಳಗೆ ಹಿಡಿದಿರುವುದೇ ಆ ಬ್ಯಾಟರಿ. ಅದನ್ನು ತೆಗೆದರೆ 16 ಇದ್ದದ್ದು ಒಮ್ಮೆಲೇ ಎಷ್ಟಕ್ಕೋ ಹಾರುತ್ತದೆ. ಉಳಿದ ಬಲ್ಬ್, ಫ್ಲಾಶರ್, ಡಿಜಿಟಲ್ ಮೀಟರ್ ಎಲ್ಲ ಹೋಗಬಹುದು. ಫ್ಯೂಯೆಲ್ ಇಂಜೆಕ್ಷನ್ ಬೈಕಾದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು ಹೋಗಬಹುದು. ಅದರ ಬೆಲೆಯ ಮುಂದೆ ಬ್ಯಾಟರಿ ಏನೂ ಅಲ್ಲ.

ಓಡಿಸಲೇಬೇಕಾದರೆ ನಿಧಾನಕ್ಕೆ, ಎಂಜಿನ್ ಕಡಿಮೆ ತಿರುಗುವಂತೆ, ಹೆಡ್‌ಲೈಟ್ ಹಾಕಿಕೊಂಡು ಬನ್ನಿ. ಇಂಜೆಕ್ಷನ್ ಬೈಕಾದರೆ ತಳ್ಳಿಕೊಂಡು ಅಥವಾ ಗಾಡಿಯಲ್ಲಿ ಹಾಕಿಕೊಂಡು ತರುವುದೇ ಒಳ್ಳೆಯದು.

ಹಂತ 1: ಮೊದಲು ಮೀಟರನ್ನೇ ಪರೀಕ್ಷಿಸಿ

ನಾವು ಎಡವಿದ್ದು ಇಲ್ಲೇ. ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ, ಎಂಜಿನ್ ಆಫ್ ಇರುವಾಗಲೇ ಬ್ಯಾಟರಿ ಮೇಲೆ ಇಟ್ಟೆವು. 14.1 ತೋರಿಸಿತು! ರಾತ್ರಿಯೆಲ್ಲ ಸುಮ್ಮನೆ ನಿಂತ ಬೈಕಿನ ಬ್ಯಾಟರಿ 14.1 ಇರಲು ಸಾಧ್ಯವೇ ಇಲ್ಲ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ನಿಂತಲ್ಲಿ 12.6ರಿಂದ 12.8ರ ಆಸುಪಾಸಿನಲ್ಲಿ ಇರುತ್ತದೆ. ಸೀಲ್ಡ್ ಬ್ಯಾಟರಿ 13ರ ಹತ್ತಿರ ಇರಬಹುದು.

ತಪ್ಪು ಇದ್ದದ್ದು ಮೀಟರಿನಲ್ಲಿ. ಅಗ್ಗದ ಮೀಟರುಗಳ ಒಳಗಿನ 9 ವೋಲ್ಟ್ ಬ್ಯಾಟರಿ ಸೊರಗಿದಾಗ ಅವು ನಿಜಕ್ಕಿಂತ ಜಾಸ್ತಿ ತೋರಿಸುತ್ತವೆ. ಮೂಲೆಯಲ್ಲಿ ಸಣ್ಣ ಬ್ಯಾಟರಿ ಚಿತ್ರ ಬಂದಿದ್ದನ್ನು ನಾವು ಗಮನಿಸಿರಲಿಲ್ಲ. ಹೊಸದು ಹಾಕಿದ ಮೇಲೆ 12.7 ಬಂತು. ಈ ಒಂದು ತಪ್ಪಿನಿಂದ ಒಳ್ಳೆಯ ರೆಗ್ಯುಲೇಟರನ್ನೇ ಕೆಟ್ಟದ್ದು ಅಂತ ಎಸೆದುಬಿಡಬಹುದು. ಸಾಧ್ಯವಾದರೆ ಅದೇ ಮೀಟರಿನಿಂದ ಪಕ್ಕದ ಮನೆಯವರ ಚೆನ್ನಾಗಿರುವ ಬೈಕನ್ನೂ ಒಮ್ಮೆ ಅಳೆದುಬಿಡಿ. ಅಲ್ಲಿ ಸರಿಯಾದ ಲೆಕ್ಕ ಬಂದರೆ ನಿಮ್ಮ ಬೈಕಿನ ಲೆಕ್ಕವನ್ನೂ ನಂಬಬಹುದು.

ಈಗಷ್ಟೇ ಓಡಿಸಿ ನಿಲ್ಲಿಸಿದ್ದರೆ ಬ್ಯಾಟರಿ ಸ್ವಲ್ಪ ಹೊತ್ತು 13ಕ್ಕಿಂತ ಮೇಲೆ ತೋರಿಸುವುದು ಸಹಜ. ಅದು ಮೇಲುಮೇಲಿನ ಚಾರ್ಜ್. ಕೀ ಹಾಕಿ ಇಂಡಿಕೇಟರ್, ಬ್ರೇಕ್ ಲೈಟ್ ಎರಡು ನಿಮಿಷ ಉರಿಸಿ ಆಮೇಲೆ ಅಳೆಯಿರಿ.

ಹಂತ 2: ಎಂಜಿನ್ ಓಡುವಾಗ ಅಳೆಯಿರಿ

ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ಬಯಲಿನಲ್ಲಿ ನಿಲ್ಲಿಸಿ. ಕುದಿಯುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಒಂದು ಕಿಡಿ ಸಾಕು ಸಿಡಿಯುವುದಕ್ಕೆ. ಆದ್ದರಿಂದ ಹತ್ತಿರ ಬೀಡಿ, ಸಿಗರೇಟು ಬೇಡ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಳಚುವುದು ಬೇಡ. ಕಣ್ಣಿಗೆ ಒಂದು ಕನ್ನಡಕ ಇದ್ದರೆ ಹಾಕಿಕೊಳ್ಳಿ.

ಕೆಂಪು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಟರ್ಮಿನಲ್ ಮೇಲೆಯೇ ಇಡಿ, ವೈರಿನ ಬೇರೆಲ್ಲೋ ಅಲ್ಲ. ಎಂಜಿನ್ ಐದು ನಿಮಿಷ ಬಿಸಿಯಾಗಲಿ. ಮೊದಲು ಐಡಲಿಂಗ್‌ನಲ್ಲಿ ಓದಿ. ಆಮೇಲೆ ಒಬ್ಬರು ನಿಧಾನವಾಗಿ ಆಕ್ಸಿಲರೇಟರ್ ಕೊಡಲಿ. ಆರ್‌ಪಿಎಂ ಮೀಟರ್ ಇದ್ದರೆ 4000ದಿಂದ 5000ದವರೆಗೆ. ಇಲ್ಲದಿದ್ದರೆ ಟಾಪ್ ಗೇರಿನಲ್ಲಿ ಸುಮಾರು 50 ಕಿ.ಮೀ. ವೇಗದಲ್ಲಿ ಹೋಗುವಾಗ ಕೇಳುವ ಸದ್ದಿನಷ್ಟು. ಐದು ಹತ್ತು ಸೆಕೆಂಡ್ ಸಾಕು, ಅದಕ್ಕಿಂತ ಜಾಸ್ತಿ ಹೊತ್ತು ಬೇಡ. ಕೊನೆಯ ತನಕ ಹೊಸ ಬಲ್ಬನ್ನೂ ಹಾಕಬೇಡಿ.

ನೋಡಬೇಕಾದದ್ದು ಅಂಕಿ ಎಷ್ಟು ಅನ್ನುವುದಷ್ಟನ್ನೇ ಅಲ್ಲ, ಅದು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು. ಚೆನ್ನಾಗಿರುವ ರೆಗ್ಯುಲೇಟರಿನಲ್ಲಿ ವೋಲ್ಟೇಜ್ ಏರುತ್ತಾ ಬಂದು 14ರಿಂದ 14.5ರ ಹತ್ತಿರ ನಿಂತುಬಿಡುತ್ತದೆ. ಇನ್ನೂ ಆಕ್ಸಿಲರೇಟರ್ ಕೊಟ್ಟರೂ ಅಲ್ಲೇ. ಕೆಲವು ಬೈಕುಗಳಲ್ಲಿ 14.8ರ ತನಕ ಹೋಗಬಹುದು. ಕೆಟ್ಟದ್ದರಲ್ಲಿ ನಿಲ್ಲುವುದೇ ಇಲ್ಲ. ಕೈ ತಿರುಗಿಸಿದಷ್ಟೂ ಏರುತ್ತದೆ. 15 ದಾಟಿತು ಅಂದರೆ ಓವರ್ ಚಾರ್ಜ್.

ಚಿಕ್ಕಪ್ಪನ ಬೈಕಿನಲ್ಲಿ ಐಡಲಿಂಗ್‌ನಲ್ಲಿ 13.4 ಇತ್ತು. ಅಷ್ಟೇ ನೋಡಿದ್ದರೆ ಎಲ್ಲ ಸರಿ ಇದೆ ಅಂತ ಪ್ಯಾನೆಲ್ ಮುಚ್ಚಿಬಿಡುತ್ತಿದ್ದೆವು. ಸ್ವಲ್ಪ ಕೊಟ್ಟಾಗ 14.6, ಇನ್ನೂ ಕೊಟ್ಟಾಗ 15.5, ಆಮೇಲೆ 16.4. ನಾನೇ ಸಾಕು ನಿಲ್ಲಿಸಿ ಅಂದೆ. ಬೈಕನ್ನು ಅಂಗಡಿಗೆ ಕೊಟ್ಟು ಅಳತೆ ಮಾಡಿಸುವವರು ಈ ಒಂದು ಮಾತು ಕೇಳಲೇಬೇಕು: ಆಕ್ಸಿಲರೇಟರ್ ಕೊಟ್ಟು ಅಳೆದಿರಾ?

ಮೀಟರಿನ ಅಂಕಿ ಒಂದೇ ಸಮ ಹುಚ್ಚುಹುಚ್ಚಾಗಿ ಕುಣಿಯುತ್ತಿದ್ದರೆ ಅದು ಸ್ಪಾರ್ಕ್ ಪ್ಲಗ್ಗಿನ ಕಿರಿಕಿರಿ. ಮೀಟರನ್ನು ಎಂಜಿನ್‌ನಿಂದ ದೂರ ಹಿಡಿಯಿರಿ. ಪ್ಲಗ್ ಕ್ಯಾಪ್ ಒಡೆದಿದ್ದರೆ ಬದಲಿಸಿ ಮತ್ತೆ ಅಳೆಯಿರಿ. ಎಸಿ ಹೆಡ್‌ಲೈಟಿನ ವೋಲ್ಟೇಜನ್ನು ಮಾತ್ರ ಈ ಅಗ್ಗದ ಮೀಟರಿನಲ್ಲಿ ಅಳೆಯಲು ಹೋಗಬೇಡಿ. ಅಲ್ಲಿ ಅಲೆ ತುಂಡು ತುಂಡಾಗಿ ಬರುವುದರಿಂದ ಸಿಗುವ ಅಂಕಿಗೆ ಅರ್ಥ ಇರುವುದಿಲ್ಲ.

ಬ್ಯಾಟರಿ ಕುದಿಯುತ್ತದೆ, ಆದರೆ ವೋಲ್ಟೇಜ್ ಸರಿ ಇದೆ ಅಂದರೆ?

ಇದನ್ನು ಬೇರೆಯಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ದುಡ್ಡು ಕಳೆದುಕೊಳ್ಳುವವರು ಜಾಸ್ತಿ. 12 ವೋಲ್ಟ್ ಬ್ಯಾಟರಿಯೊಳಗೆ ಆರು ಸೆಲ್ ಇವೆ. ಹಳೆಯದಾದ ಬ್ಯಾಟರಿಯಲ್ಲಿ ಪ್ಲೇಟಿನ ಪುಡಿ ಉದುರಿ ತಳದಲ್ಲಿ ಸೇರಿ ಒಂದು ಸೆಲ್ ಒಳಗೇ ಶಾರ್ಟ್ ಆಗಬಹುದು. ಆಗ ಉಳಿದ ಐದು ಸೆಲ್‌ಗಳೇ ಪೂರ್ತಿ 14.4 ವೋಲ್ಟ್ ಹೊರಬೇಕು. ಒಂದೊಂದಕ್ಕೆ 2.4 ಬರಬೇಕಾದ ಕಡೆ 2.88 ಬರುತ್ತದೆ. ಅವು ಕುದಿಯುತ್ತವೆ. ರೆಗ್ಯುಲೇಟರಿನ ತಪ್ಪು ಏನೂ ಇಲ್ಲ.

ಗುರುತು ಸುಲಭ. ನಿಂತಾಗ ಬ್ಯಾಟರಿ 10.5ರ ಹತ್ತಿರ ಮಾತ್ರ ಇರುತ್ತದೆ. ಎಂಜಿನ್ ಓಡುವಾಗ 14.5 ದಾಟುವುದಿಲ್ಲ, ಬಹಳ ಸಲ 13ರ ಆಸುಪಾಸಿಗೇ ನಿಲ್ಲುತ್ತದೆ. ಬಲ್ಬುಗಳು ಹೋಗುವುದಿಲ್ಲ. ನೀರು ತುಂಬುವ ಬ್ಯಾಟರಿಯಾದರೆ ಮುಚ್ಚಳ ತೆಗೆದು ನೋಡಿ, ಐದು ಕಡೆ ಗುಳ್ಳೆ ಬರುತ್ತಿದ್ದು ಒಂದು ಸೆಲ್ ಸುಮ್ಮನೆ ಇರುತ್ತದೆ. ಅಂಥ ಬೈಕಿಗೆ ಬೇಕಾದದ್ದು ಬ್ಯಾಟರಿ. ಹೊಸ ರೆಗ್ಯುಲೇಟರ್ ಹಾಕಿದರೂ ಕುದಿಯುವುದು ನಿಲ್ಲುವುದಿಲ್ಲ.

ಟರ್ಮಿನಲ್ ಸಡಿಲ ಇದ್ದರೂ ಬಲ್ಬ್ ಹೋಗುತ್ತವೆ. ಗುಂಡಿಯಲ್ಲಿ ಹಾರಿದಾಗಲೆಲ್ಲ ಬ್ಯಾಟರಿ ಬಿಟ್ಟುಹೋಗಿ ಸೇರಿದರೆ ಪ್ರತಿ ಸಲ ವೋಲ್ಟೇಜ್ ಚಿಮ್ಮುತ್ತದೆ. ಎರಡೂ ಟರ್ಮಿನಲ್ ಬಿಗಿಯಾಗಿವೆಯಾ ಕೈಯಿಂದ ಅಲ್ಲಾಡಿಸಿ ನೋಡಿಕೊಂಡೇ ಮುಂದೆ ಹೋಗಿ.

ಹಂತ 3: ರೆಗ್ಯುಲೇಟರ್ ಕೊಳ್ಳುವ ಮೊದಲು ಅರ್ಥ್ ನೋಡಿ

ರೆಗ್ಯುಲೇಟರ್ ವೋಲ್ಟೇಜನ್ನು ತನ್ನ ಅರ್ಥ್ ತಂತಿಗೆ ಹೋಲಿಸಿ ಅಳೆದುಕೊಳ್ಳುತ್ತದೆ. ಆ ಅರ್ಥ್ ತುಕ್ಕು ಹಿಡಿದಿದ್ದರೆ ಅದಕ್ಕೆ ಬ್ಯಾಟರಿ ಇನ್ನೂ ತುಂಬಿಲ್ಲ ಅನ್ನಿಸುತ್ತದೆ. ಚಾರ್ಜ್ ಕೊಡುತ್ತಲೇ ಹೋಗುತ್ತದೆ. ಅರ್ಥ್ ಪೂರ್ತಿ ತುಂಡಾಗಿದ್ದರೆ ಹಿಡಿತವೇ ತಪ್ಪುತ್ತದೆ. ಮಲೆನಾಡು, ಕರಾವಳಿಯ ಬೈಕುಗಳಲ್ಲಿ ಇದನ್ನು ನೋಡದೆ ಹೊಸ ಯೂನಿಟ್ ಹಾಕಿದರೆ ಅದೂ ಹಳೆಯದರಂತೆಯೇ ವರ್ತಿಸುತ್ತದೆ. ಆಗ ಅಂಗಡಿಯವನು ಕೊಟ್ಟದ್ದು ಡೂಪ್ಲಿಕೇಟ್ ಅಂತ ಜಗಳ ಬೇರೆ.

ಮೊದಲು ರೆಗ್ಯುಲೇಟರ್ ಎಲ್ಲಿದೆ ಹುಡುಕಿ. ಬೈಕುಗಳಲ್ಲಿ ಸೈಡ್ ಪ್ಯಾನೆಲ್ ಒಳಗೆ, ಸೀಟ್ ಅಥವಾ ಟ್ಯಾಂಕ್ ಕೆಳಗೆ ಇರುತ್ತದೆ. ಹಲವು ಸ್ಕೂಟರುಗಳಲ್ಲಿ ಮುಂದಿನ ಕವರ್ ಒಳಗೆ. ನಾಲ್ಕು ತಂತಿಯ ಹೋಂಡಾ ಮಾದರಿಯ ವೈರಿಂಗ್ ಆದರೆ ಹಸಿರು ಅರ್ಥ್, ಕೆಂಪು ಬ್ಯಾಟರಿಗೆ, ಬಿಳಿ ಚಾರ್ಜಿಂಗ್ ಕಾಯಿಲ್, ಹಳದಿ ಲೈಟಿಂಗ್ ಕಾಯಿಲ್. ಬೇರೆ ಕಂಪನಿಗಳಲ್ಲಿ ಬಣ್ಣ ಬೇರೆ ಇರುತ್ತದೆ, ಸರ್ವಿಸ್ ಮ್ಯಾನುಯಲ್ ನೋಡಿ.

ಕಪ್ಲರ್ ಕಳಚಬೇಡಿ. ಎಂಜಿನ್ 4000 ಆರ್‌ಪಿಎಂನಲ್ಲಿ ಇರುವಾಗ ಕಪ್ಪು ಕಡ್ಡಿಯನ್ನು ಬ್ಯಾಟರಿ ಮೈನಸ್‌ಗೆ ಇಡಿ. ಕೆಂಪು ಕಡ್ಡಿಯನ್ನು ಕಪ್ಲರಿನ ಹಿಂಬದಿಯಿಂದ ಹಸಿರು ತಂತಿಯ ಪಿನ್ನಿಗೆ ತಾಗಿಸಿ. ತಂತಿ ಚೆನ್ನಾಗಿದ್ದರೆ ಹೆಚ್ಚುಕಡಿಮೆ ಸೊನ್ನೆ ಬರಬೇಕು. 0.2ರ ತನಕ ಪರವಾಗಿಲ್ಲ. ಅದಕ್ಕಿಂತ ಮೇಲೆ ಬಂದರೆ ಅರ್ಥ್ ದಾರಿಯಲ್ಲಿ ಎಲ್ಲೋ ತುಕ್ಕು ಇದೆ. ಮುಂದೆ ಮೈನಸ್ ಚಿಹ್ನೆ ಬಂದರೂ ಚಿಂತೆ ಇಲ್ಲ, ಅಂಕಿ ಮಾತ್ರ ನೋಡಿ.

ನಮಗೆ 0.7 ಬಂತು. ಅರ್ಥ್ ತಂತಿ ಹಿಡಿದು ಹೋದರೆ ಫ್ರೇಮಿಗೆ ಬಿಗಿದ ಬೋಲ್ಟ್ ಸಿಕ್ಕಿತು, ಕೆಂಪಗೆ ತುಕ್ಕು. ಬ್ಯಾಟರಿ ಮೈನಸ್ ಬಿಚ್ಚಿಟ್ಟು, ಬೋಲ್ಟ್ ತೆಗೆದು, ರಿಂಗ್ ಮತ್ತು ಫ್ರೇಮ್ ಎರಡನ್ನೂ ಸ್ಯಾಂಡ್‌ಪೇಪರಿನಲ್ಲಿ ಹೊಳೆಯುವ ತನಕ ಉಜ್ಜಿ, ಮತ್ತೆ ಬಿಗಿದು ಮೇಲೆ ಸ್ವಲ್ಪ ಗ್ರೀಸ್ ಸವರಿದೆವು. ಈ ಸಲ 0.05. ಚಿಕ್ಕಪ್ಪ "ಮುಗೀತಲ್ಲ ಹಾಗಾದ್ರೆ" ಅಂದರು. ಇಲ್ಲ, ಮತ್ತೆ ಬ್ಯಾಟರಿ ಮೇಲೆ ಅಳೆಯಬೇಕು. ಅಳೆದರೆ 16.4 ಇದ್ದದ್ದು 15.9ಕ್ಕೆ ಇಳಿದಿತ್ತು ಅಷ್ಟೇ. ಇನ್ನೂ ಏರುತ್ತಲೇ ಇತ್ತು. ಅರ್ಥ್ ಕೆಟ್ಟಿದ್ದೂ ನಿಜ, ಯೂನಿಟ್ ಕೆಟ್ಟಿದ್ದೂ ನಿಜ. ಅರ್ಥ್ ಸರಿ ಮಾಡಿದ ಮೇಲೆ ನಿಮ್ಮದು 14.5ರ ಒಳಗೆ ನಿಂತರೆ ಹೊಸ ರೆಗ್ಯುಲೇಟರ್ ಬೇಕಾಗಿಲ್ಲ.

ಎಂಜಿನ್ ನಿಲ್ಲಿಸಿದ ಮೇಲೆ ಕಪ್ಲರನ್ನೂ ಕಳಚಿ ಒಳಗೆ ನೋಡಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಪಿನ್ ಸುಟ್ಟಿದ್ದರೆ ಆ ಕಪ್ಲರನ್ನೂ ಬದಲಿಸಬೇಕು. ಇಲ್ಲದಿದ್ದರೆ ಹೊಸ ಯೂನಿಟ್ಟಿನ ಪಿನ್ನೂ ಸುಡುತ್ತದೆ. ನಿಮ್ಮ ಬೈಕಿನಲ್ಲಿ ವೋಲ್ಟೇಜ್ ನೋಡಲೆಂದೇ ಕೀ ಸ್ವಿಚ್ಚಿನಿಂದ ಬರುವ ಬೇರೆ ತಂತಿ ಇದ್ದರೆ ಅದನ್ನೂ ಹೀಗೇ ಅಳೆಯಿರಿ: ಬ್ಯಾಟರಿ ಪ್ಲಸ್‌ನಿಂದ ಆ ತಂತಿಗೆ. ಸವೆದ ಕೀ ಸ್ವಿಚ್ ಕೂಡ ರೆಗ್ಯುಲೇಟರಿಗೆ ಕಡಿಮೆ ವೋಲ್ಟೇಜ್ ತೋರಿಸಿ ಓವರ್ ಚಾರ್ಜ್ ಮಾಡಿಸುತ್ತದೆ.

ಹಂತ 4: ಸರಿಯಾದ ಯೂನಿಟ್ ತರುವುದು

ಈ ಡಬ್ಬಿಯೊಳಗೆ ರಾಳ ಸುರಿದು ಮುಚ್ಚಿರುತ್ತಾರೆ. ರಿಪೇರಿ ಆಗುವುದಿಲ್ಲ, ಬದಲಿಸುವುದೇ.

ಹಳೆಯದನ್ನು ಬಿಚ್ಚಿಕೊಂಡೇ ಅಂಗಡಿಗೆ ಹೋಗಿ. ಬೈಕಿನ ಹೆಸರು, ಯಾವ ವರ್ಷದ್ದು, ಸೆಲ್ಫ್ ಇದೆಯೋ ಬರೀ ಕಿಕ್ಕರೋ ಹೇಳಿ. ಕಪ್ಲರ್ ಕೂತುಕೊಂಡಿತು ಅಂದ ಮಾತ್ರಕ್ಕೆ ಯೂನಿಟ್ ಸರಿ ಅಂತಲ್ಲ. ಒಂದೇ ಬೈಕಿನ ಹಳೆಯ ಮಾದರಿಯಲ್ಲಿ ಎಸಿ ಹೆಡ್‌ಲೈಟ್, ಹೊಸದರಲ್ಲಿ ಡಿಸಿ ಇರಬಹುದು. ಎರಡರ ಒಳಗಿನ ಸರ್ಕ್ಯೂಟ್ ಬೇರೆ. ಪಿನ್ನುಗಳ ಜಾಗವೂ ಅದಲುಬದಲಾಗಿರಬಹುದು. ಹಳೆಯದರ ಪಕ್ಕ ಹೊಸದನ್ನು ಇಟ್ಟು ಪಿನ್ ಎಣಿಸಿ, ಮೇಲೆ ಬರೆದ ಪಾರ್ಟ್ ನಂಬರ್ ಓದಿ ಹೋಲಿಸಿ. ಕಂಪನಿಯ ಅಸಲಿ ಯೂನಿಟ್ ಸಿಕ್ಕರೆ ಅದನ್ನೇ ತನ್ನಿ. ತೀರ ಹಗುರ ಅನ್ನಿಸುವ, ರೆಕ್ಕೆಗಳು ಸಣ್ಣಗಿರುವ ಡಬ್ಬಿ ಬಿಸಿಯನ್ನು ಹೊರಹಾಕಲಾರದೆ ಬೇಗ ಸಾಯುತ್ತದೆ.

ಎಲ್‌ಇಡಿ ಹೆಡ್‌ಲೈಟ್ ಹಾಕಿಸಿದವರಿಗೆ ಒಂದು ಮಾತು. ಬಹಳಷ್ಟು ಬೈಕುಗಳಲ್ಲಿ ರೆಗ್ಯುಲೇಟರ್ ಹೆಚ್ಚಿನ ಕರೆಂಟನ್ನು ಕಾಯಿಲಿಗೇ ಶಾರ್ಟ್ ಮಾಡಿ ತಡೆಯುತ್ತದೆ. 35 ವ್ಯಾಟ್ ಬಲ್ಬ್ ತೆಗೆದು ಸಣ್ಣ ಎಲ್‌ಇಡಿ ಹಾಕಿದರೆ ಲೋಡ್ ಕಡಿಮೆಯಾಗುತ್ತದೆ. ಅಷ್ಟೂ ರೆಗ್ಯುಲೇಟರಿನ ಮೈಮೇಲೆ ಬೀಳುತ್ತದೆ, ಅದು ಇನ್ನಷ್ಟು ಕಾಯುತ್ತದೆ. ಕರೆಂಟ್ ಉಳಿಸಿದೆ ಅಂದುಕೊಂಡದ್ದು ಇಲ್ಲಿ ಬಂದು ಕೂರುತ್ತದೆ.

ಹಂತ 5: ಕೂರಿಸುವುದು

ಕೀ ಆಫ್. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಹಾಕುವಾಗ ಮೈನಸ್ ಕೊನೆಗೆ. ಹಳೆಯ ಯೂನಿಟ್ ತೆಗೆದ ಜಾಗದಲ್ಲಿ ಕೆಸರು, ತುಕ್ಕು ಇದ್ದರೆ ಒರೆಸಿ. ಯೂನಿಟ್ಟಿನ ಬೆನ್ನು ಫ್ರೇಮಿಗೆ ಪೂರ್ತಿ ಒತ್ತಿಕೊಂಡು ಕೂರಬೇಕು. ಬಿಸಿ ಆ ಲೋಹದ ಮೂಲಕವೂ ಹೊರಗೆ ಹೋಗುತ್ತದೆ. ಅದುರುತ್ತದೆ ಅಂತ ನಡುವೆ ರಬ್ಬರ್ ತುಂಡು ಇಡುವವರನ್ನು ನೋಡಿದ್ದೇನೆ. ಅದು ಬೇಡ. ಕಪ್ಲರ್ ಟಕ್ ಅನ್ನುವ ತನಕ ಒತ್ತಿ. ಸೈಡ್ ಪ್ಯಾನೆಲ್ ಒಳಗೆ ರೇನ್‌ಕೋಟ್, ಒರೆಸುವ ಬಟ್ಟೆ ತುರುಕುವ ಅಭ್ಯಾಸ ಇದ್ದರೆ ಇವತ್ತಿಗೆ ನಿಲ್ಲಿಸಿ. ಚಿಕ್ಕಪ್ಪನ ಬೈಕಿನಲ್ಲಿ ಯೂನಿಟ್ಟಿಗೆ ಸುತ್ತಿಕೊಂಡಂತೆ ಒಂದು ಗೋಣಿ ತುಂಡು ಸಿಕ್ಕಿತು. ಗಾಳಿ ಆಡದೆ ಅದು ಎಷ್ಟು ಬೆಂದಿತ್ತೋ.

ಆಮೇಲೆ ಹಂತ 2ರ ಅಳತೆಯನ್ನು ಪೂರ್ತಿ ಮತ್ತೆ ಮಾಡಿ. ನಮಗೆ ಐಡಲಿಂಗ್‌ನಲ್ಲಿ 13.3, ಜೋರಾಗಿ ಕೊಟ್ಟಾಗ 14.3 ಬಂದು ನಿಂತಿತು. ಇನ್ನೂ ಕೊಟ್ಟರೂ 14.3. ಆಗ ಮಾತ್ರ ಹೊಸ ಬಲ್ಬುಗಳನ್ನು ಹಾಕಿದೆವು.

ಹಂತ 6: ಚೆಲ್ಲಿದ ಆಸಿಡ್, ಬೆಂದ ಬ್ಯಾಟರಿ

ಆಸಿಡ್ ಹಾಗೇ ಬಿಟ್ಟರೆ ಫ್ರೇಮ್, ವೈರ್, ಚೈನ್ ತಿನ್ನುತ್ತಲೇ ಇರುತ್ತದೆ. ಬ್ಯಾಟರಿ ತೆಗೆದಿಟ್ಟು, ಒಂದು ಮಗ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಕಲಸಿ ಬ್ಯಾಟರಿ ಪೆಟ್ಟಿಗೆ, ಕೆಳಗಿನ ಫ್ರೇಮ್, ಸ್ವಿಂಗ್ ಆರ್ಮ್ ಮೇಲೆ ಹಾಕಿ. ನೊರೆ ಬರುವುದು ನಿಲ್ಲುವ ತನಕ ಹಾಕಬೇಕು, ಆಮೇಲೆ ಬರೀ ನೀರು. ಸೋಡಾ ನೀರು ಬ್ಯಾಟರಿ ಸೆಲ್ ಒಳಗೆ ಹೋಗದಂತೆ ಎಚ್ಚರ. ಗಾಳಿ ಪೈಪ್ ಮಡಚಿಕೊಂಡಿದೆಯಾ, ಅದರ ತುದಿ ಚೈನ್ ಮೇಲೆ ಬೀಳುತ್ತಿದೆಯಾ ನೋಡಿ ಸರಿಮಾಡಿ.

ನೀರು ತುಂಬುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಆಸಿಡ್ ಬೇಡ, ಯಾಕೆಂದರೆ ಕಳೆದುಹೋದದ್ದು ಹೆಚ್ಚಾಗಿ ನೀರು. ಅಪ್ಪರ್ ಗೆರೆ ದಾಟಿಸಬೇಡಿ. ಮೊದಲು ಪ್ಲೇಟ್ ಮುಳುಗುವಷ್ಟು ಮಾತ್ರ ಹಾಕಿ, 5 ಎಎಚ್ ಬ್ಯಾಟರಿಯಾದರೆ ಅರ್ಧ ಆಂಪಿಯರಿನಲ್ಲಿ ನಿಧಾನ ಚಾರ್ಜ್ ಮಾಡಿಸಿ, ಆಮೇಲೆ ಅಪ್ಪರ್ ಗೆರೆಯ ತನಕ ತುಂಬಿಸಿ. ಒಂದು ರಾತ್ರಿ ಸುಮ್ಮನೆ ಇಟ್ಟು ಬೆಳಿಗ್ಗೆ ಅಳೆಯಿರಿ. 12.5ರ ಮೇಲೆ ಉಳಿದಿದ್ದು, ಸೆಲ್ಫ್ ಹೊಡೆದಾಗ 10ಕ್ಕಿಂತ ಕೆಳಗೆ ಬೀಳದಿದ್ದರೆ ಇನ್ನೂ ಬಳಸಬಹುದು. ಒಳಗಿನ ನೀರು ಕಂದು ಬಣ್ಣಕ್ಕೆ ತಿರುಗಿದ್ದರೆ ಪ್ಲೇಟ್ ಉದುರಿವೆ, ಅದು ಜಾಸ್ತಿ ದಿನ ಬರುವುದಿಲ್ಲ. ಉಬ್ಬಿದ ಸೀಲ್ಡ್ ಬ್ಯಾಟರಿಯನ್ನು ಮಾತ್ರ ಯಾವ ಕಾರಣಕ್ಕೂ ಮತ್ತೆ ಹಾಕಬೇಡಿ. ಹೊಸದು ತರುವಾಗ ಹಳೆಯದನ್ನು ಅಂಗಡಿಗೇ ವಾಪಸ್ ಕೊಡಿ.

ಚಿಕ್ಕಪ್ಪನ ಬ್ಯಾಟರಿ ರಾತ್ರಿ ಕಳೆದು 12.2ಕ್ಕೆ ಇಳಿದಿತ್ತು, ನೀರೂ ಕಂದಾಗಿತ್ತು. ಅದನ್ನು ಬದಲಿಸಿದೆವು. ಹೊಸ ಬ್ಯಾಟರಿಯ ನೀರಿನ ಮಟ್ಟಕ್ಕೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು ತಾರೀಕು ಬರೆದು ಬಂದೆ. ಒಂದು ತಿಂಗಳು ಬಿಟ್ಟು ಫೋನ್ ಮಾಡಿದಾಗ ನೀರು ಅದೇ ಗೆರೆಯಲ್ಲೇ ಇತ್ತು.